‘ಮಾತನಾಡುತ್ತೇನೆ’ಯನ್ನು ‘ಮಾತಾಡ್ತೇನೆ’ ಮಾಡಿದರೆ ಸಾಕಾ? ಕನ್ನಡ ಸಬ್‌ಟೈಟಲ್ ತಿದ್ದುವ ಬಗೆ

ಗೆಳೆಯರೊಬ್ಬರು ತುಳು ಕಿರುಚಿತ್ರ ಮಾಡಿ, ಕನ್ನಡ ಸಬ್‌ಟೈಟಲ್ ನೋಡಿಕೊಡಿ ಅಂತ ಫೈಲ್ ಕಳಿಸಿದರು. ‘ಎಲ್ಲ ಆಡುಮಾತಿಗೆ ಇಳಿಸಿದ್ದೇನೆ, ಓದೋಕೆ ಸಲೀಸು’ ಎಂದರು. ಹತ್ತು ನಿಮಿಷ ನೋಡಿದೆ. ಸಾಲು ಓದುತ್ತಾ ಕೂತು ನಟರ ಮುಖವನ್ನೇ ನೋಡಿರಲಿಲ್ಲ. ಇದು ಅವರೊಬ್ಬರ ಕಥೆಯಲ್ಲ. ಹಾಗಾಗಿ ನಾನು ತಿದ್ದುವ ಕ್ರಮ ಇಲ್ಲಿದೆ.

1. ಫೈಲ್ ತೆರೆಯಿರಿ. ಸಾಲುಗಳೂ ಅವುಗಳ ಸಮಯವೂ ಇರುವ SRT ಫೈಲ್, ಯುನಿಕೋಡ್ ಉಳಿಸುವ UTF-8 ರೂಪದಲ್ಲಿರಲಿ. ಹಳೆಯ ಕಾಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಯಾವುದೋ ಪುಕ್ಕಟೆ ಕನ್ವರ್ಟರ್‌ಗೆ ಹಾಕಿ ತೆಗೆದಿದ್ದರೆ ಅರ್ಕಾವತ್ತು, ಒತ್ತಕ್ಷರಗಳನ್ನು ಮೊದಲು ನೋಡಿ. ಎಡವಟ್ಟಾಗುವುದು ಅಲ್ಲೇ.

2. ಸಾಲಿನ ಉದ್ದ. ಒಮ್ಮೆಗೆ ಎರಡೇ ಸಾಲು. ಸಾಲಿಗೆ 42 ಅಕ್ಷರ ಅನ್ನುವ ಮಿತಿ ಎಲ್ಲರ ಬಾಯಲ್ಲೂ ಇದೆ. ಆದರೆ ಸಾಫ್ಟ್‌ವೇರ್ ಸಾಮಾನ್ಯವಾಗಿ ಎಣಿಸುವುದು ನಮ್ಮ ಅಕ್ಷರವನ್ನಲ್ಲ. ವ್ಯಂಜನ, ಒತ್ತು ಕೂಡಿಸುವ ವಿರಾಮ ಚಿಹ್ನೆ, ಸ್ವರಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಪೈಥಾನ್‌ನಲ್ಲಿ ಎಣಿಸಿ ನೋಡಿ:

```
python3 -c "print(len('ಸ್ತ್ರೀ'))"
```

ಉತ್ತರ 6. ನಮಗೆ ಅದು ಒಂದೇ ಅಕ್ಷರ. ಒತ್ತು ಕೆಳಗೆ ಕೂರುವುದರಿಂದ ಅಗಲ ಅಷ್ಟು ಹೆಚ್ಚುವುದಿಲ್ಲ, ಲೆಕ್ಕ ಮಾತ್ರ ಏರುತ್ತದೆ. ಅದೇ ‘ಯಾ’, ‘ಮಾ’ಗಳಿಗೆ ಲೆಕ್ಕ ಎರಡೇ ಆದರೂ ಜಾಗ ಜಾಸ್ತಿ ಬೇಕು. ಹಾಗಾಗಿ ಸಂಖ್ಯೆಯೊಂದನ್ನೇ ನಂಬಬೇಡಿ. ನಾನಂತೂ 36 ದಾಟಿಸುವುದಿಲ್ಲ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿದೆಯಾ ಅಂತಲೂ ನೋಡಿ. ತಾಗಿದರೆ ಸಾಲುಗಳ ನಡುವಿನ ಅಂತರ ಹೆಚ್ಚಿಸಿ.

3. ಓದುವ ವೇಗ. ಜನ ಕೆಡಿಸುವುದು ಇಲ್ಲಿ. ಸಾಫ್ಟ್‌ವೇರ್ ಕೊಡುವ ಒಟ್ಟು ಲೆಕ್ಕವನ್ನು ಸಾಲು ಪರದೆಯಲ್ಲಿ ಇರುವ ಸೆಕೆಂಡುಗಳಿಂದ ಭಾಗಿಸಿ. ನನ್ನ ಮಿತಿ ಸೆಕೆಂಡಿಗೆ 20. ಸಬ್‌ಟೈಟಲ್ ಎಡಿಟ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ನಿಮ್ಮ ಮಿತಿ ಹಾಕಿಟ್ಟರೆ ದಾಟಿದ ಸಾಲು ಬೇರೆ ಬಣ್ಣದಲ್ಲಿ ಕಾಣುತ್ತದೆ. ಆ ಚಿತ್ರದ ಒಂದು ಸಾಲು ಹೀಗಿತ್ತು, ಪರದೆಯಲ್ಲಿ ಎರಡೂವರೆ ಸೆಕೆಂಡ್:

‘ಅಣ್ಣ ಊರಿಂದ ಬಂದ ಕೂಡಲೇ ನಾನು ಮಾವನ ಮನೆಗೆ ಹೋಗಿ ದುಡ್ಡಿನ ವಿಷಯ ಮಾತನಾಡುತ್ತೇನೆ’

ಒಟ್ಟು 68, ಅಂದರೆ ಸೆಕೆಂಡಿಗೆ 27. ಗೆಳೆಯರು ಕೊನೆಯ ಪದವನ್ನು ‘ಮಾತಾಡ್ತೇನೆ’ ಮಾಡಿದರು. ಕಡಿಮೆಯಾದದ್ದು ಮೂರೇ. 65 ಆಯಿತು, ಸೆಕೆಂಡಿಗೆ 26. ಸುಮ್ನೆ ಶ್ರಮ ಅಲ್ವಾ? ಮುಂದಿನ ಮಾತು ತಕ್ಷಣ ಶುರುವಾಗುವುದರಿಂದ ಸಮಯ ಎಳೆಯುವಂತೆಯೂ ಇರಲಿಲ್ಲ.

ಕಡಿಮೆ ಮಾಡಬೇಕಾದ್ದು ಪದಗಳನ್ನು. ಅಣ್ಣ ಊರಿಂದ ಬರುತ್ತಾನೆ ಅಂತ ಹಿಂದಿನ ದೃಶ್ಯದಲ್ಲೇ ಗೊತ್ತಾಗಿದೆ. ‘ನಾನು’ ಕ್ರಿಯಾಪದದಲ್ಲೇ ಇದೆ. ‘ಮನೆಗೆ ಹೋಗಿ’ ಬದಲು ‘ಹತ್ರ’ ಸಾಕು.

ಅಣ್ಣ ಬಂದ ಕೂಡಲೇ
ಮಾವನ ಹತ್ರ ದುಡ್ಡಿನ ವಿಷಯ ಮಾತಾಡ್ತೇನೆ

ಈಗ 47. ಸೆಕೆಂಡಿಗೆ 19 ಕೂಡ ಆಗಲಿಲ್ಲ. ಸಾಲು ಮುರಿದದ್ದು ಎಲ್ಲಿ ನೋಡಿ. ಉಸಿರು ನಿಲ್ಲುವಲ್ಲಿ. ‘ಮಾವನ’ ಮೇಲೆ, ‘ಹತ್ರ’ ಕೆಳಗೆ ಅಂತ ಮುರಿದರೆ ಕಣ್ಣು ಎಡವುತ್ತದೆ.

4. ಆಡುಮಾತೋ ಬರಹವೋ. ಆಡುಮಾತು ಬೇಕು, ಆದರೆ ವೇಗಕ್ಕಲ್ಲ, ಪಾತ್ರದ ಬಾಯಿಗೆ ಒಪ್ಪಲಿ ಅಂತ. ಹೊಲದಲ್ಲಿ ನಿಂತವರು ‘ನಾನು ತೆರಳುತ್ತೇನೆ’ ಅಂದರೆ ನಗು ಬರುತ್ತದೆ. ಹಾಗಂತ ಕಿವಿಗೆ ಕೇಳಿದ್ದನ್ನೆಲ್ಲ ಬರೆಯಬಾರದು. ‘ತಗೊಂಬಂದ್ಬಿಟ್ಟಿದ್ದ’ ಅನ್ನುವುದು ಕೇಳಲು ಸಲೀಸು. ಓದಲು? ಕಣ್ಣಿಗೆ ಪರಿಚಯವಿಲ್ಲದ ಒತ್ತಕ್ಷರ ಬಂದರೆ ಓದುಗ ಹಿಂದಕ್ಕೆ ಹೋಗಿ ಮತ್ತೆ ಓದುತ್ತಾನೆ. ‘ತಂದುಬಿಟ್ಟಿದ್ದ’ ಅಂತ ಬರೆಯಿರಿ. ನನ್ನ ನಿಯಮ ಇಷ್ಟೇ: ಕ್ರಿಯಾಪದದ ಕೊನೆ ಆಡುಮಾತಿನದು, ಪದದ ಬುಡ ಇಡಿಯಾಗಿ.

ಯಾವ ಊರಿನ ಆಡುಮಾತು ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಮಂಗಳೂರಿನ ಕಡೆ ‘ಮಾಡ್ತೇನೆ’, ಬೆಂಗಳೂರಿನಲ್ಲಿ ‘ಮಾಡ್ತೀನಿ’. ಕತೆ ಮಂಗಳೂರಿನದಾದ್ದರಿಂದ ನಾವು ‘ತೇನೆ’ ಉಳಿಸಿಕೊಂಡೆವು. ಒಂದೇ ಪಾತ್ರ ಒಮ್ಮೆ ಹೀಗೆ, ಒಮ್ಮೆ ಹಾಗೆ ಮಾತಾಡಿದರೆ ಇಬ್ಬರು ಅನುವಾದಕರಿದ್ದರು ಅಂತ ಗೊತ್ತಾಗಿಬಿಡುತ್ತದೆ. ಫೈಲ್‌ನಲ್ಲಿ ‘ುತ್ತ’ ಅಂತ ಹುಡುಕಿ. ಬರಹದ ರೂಪಗಳು ಸಾಲಾಗಿ ಸಿಗುತ್ತವೆ. ಆಮೇಲೆ ‘ತೀನಿ’ ಹುಡುಕಿ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವ ಬಟನ್ ಮಾತ್ರ ಒತ್ತಬೇಡಿ. ಪತ್ರ ಓದುವಾಗ, ರೇಡಿಯೋ ವಾರ್ತೆ ಬರುವಾಗ, ನ್ಯಾಯಾಧೀಶರು ತೀರ್ಪು ಹೇಳುವಾಗ ಬರಹದ ರೂಪವೇ ಇರಬೇಕು.

5. ಕೊನೆಯ ಪರೀಕ್ಷೆ. ಸ್ಕ್ರಿಪ್ಟ್ ಓದಿರದ ಒಬ್ಬರನ್ನು ಕೂರಿಸಿ, ದನಿ ಮುಚ್ಚಿ, ಫೋನಿನಲ್ಲೇ ತೋರಿಸಿ. ನೀವು ಪರದೆ ನೋಡಬೇಡಿ, ಅವರ ಮುಖ ನೋಡಿ. ಎಲ್ಲಿ ಹುಬ್ಬು ಗಂಟಾಯಿತೋ ಆ ಸಮಯ ಗುರುತು ಹಾಕಿಕೊಳ್ಳಿ. ನಮ್ಮ ಚಿತ್ರದಲ್ಲಿ ಹದಿನಾಲ್ಕು ಕಡೆ ಆಯಿತು. ಹನ್ನೊಂದು ಕಡೆ ವೇಗ ಮಿತಿಯೊಳಗೇ ಇತ್ತು, ಹಾಳು ಒತ್ತಕ್ಷರದ್ದೇ ಕಾಟ.