ಪ್ರೆಸ್ಸಿಗೆ ಫೈಲ್ ಕಳಿಸುವ ಮುನ್ನ: ಅಕ್ಷರ ಅಕ್ಷರವಾಗಿರಲಿ, ಚಿತ್ರವಾಗಲಿ, ಇಲ್ಲಾ ಕರ್ವ್ ಆಗಲಿ?

ಅಕ್ಕನ ಮಗಳ ಲಗ್ನಪತ್ರಿಕೆಯನ್ನು ಫೋಟೋಶಾಪಿನಲ್ಲಿ ನಾನೇ ಮಾಡಿದ್ದೆ. ಪ್ರೆಸ್ಸಿನವರು ‘ಟೆಕ್ಸ್ಟ್ ಓಪನ್ ಇಡಬೇಡಿ ಸಾರ್, ಫಾಂಟ್ ಕೈಕೊಡುತ್ತೆ’ ಎಂದರು. ಸರಿ ಎಂದು ಎಲ್ಲ ಅಕ್ಷರದ ಲೇಯರುಗಳನ್ನೂ ರಾಸ್ಟರೈಸ್ ಮಾಡಿದೆ, ಅಂದರೆ ಅಕ್ಷರವನ್ನು ತಿದ್ದಲಾಗದ ಚಿತ್ರವಾಗಿಸಿದೆ, ಹಿನ್ನೆಲೆಯ ಜೊತೆ ಮರ್ಜ್ ಮಾಡಿದೆ, ಅದೇ ಫೈಲಿನ ಮೇಲೆ ಸೇವ್ ಒತ್ತಿದೆ. ಮಾರನೇ ದಿನ ಭಾವ ಫೋನ್ ಮಾಡಿ, ಮುಹೂರ್ತ 10.20 ಅಲ್ಲ, 10.50 ಎಂದರು. ಒಂದೇ ಒಂದು ಅಂಕಿ. ಅದಕ್ಕಾಗಿ ಹಿನ್ನೆಲೆಯ ಹೂಬಳ್ಳಿಯನ್ನೂ ಸೇರಿಸಿ ಇಡೀ ಪುಟವನ್ನು ಮತ್ತೆ ಕಟ್ಟಬೇಕಾಯಿತು.

ಹಾಗಾದರೆ ರಾಸ್ಟರೈಸ್ ಮಾಡಲೇಬಾರದೇ? ಹಾಗೇನಿಲ್ಲ. ಯಾವ ಲೇಯರನ್ನು, ಯಾವಾಗ, ಯಾವ ಪ್ರತಿಯಲ್ಲಿ ಎನ್ನುವುದು ಗೊತ್ತಿರಬೇಕು ಅಷ್ಟೆ. ಅದೇ ಲಗ್ನಪತ್ರಿಕೆಯನ್ನು ಇಟ್ಟುಕೊಂಡು ನೋಡೋಣ. 5 ಇಂಚು ಅಗಲ, 7 ಇಂಚು ಎತ್ತರದ ಕಾರ್ಡು, ಆಫ್‌ಸೆಟ್ ಮುದ್ರಣ. ಜೊತೆಗೆ ಮಂಟಪದ ಬಾಗಿಲಿಗೆ 10 ಅಡಿ x 6 ಅಡಿಯ ಒಂದು ಸ್ವಾಗತ ಬ್ಯಾನರ್.

ಇರುವುದು ಎರಡಲ್ಲ, ಮೂರು ದಾರಿ

ಅಕ್ಷರದ ಲೇಯರ್ ಮೂರು ರೂಪದಲ್ಲಿ ಇರಬಹುದು. ಮೊದಲನೆಯದು ಟೈಪ್ ಮಾಡಿದ ಹಾಗೆಯೇ ಇರುವ ಅಕ್ಷರ. ತಿದ್ದಬಹುದು, ಆದರೆ ತೆರೆಯುವವರ ಕಂಪ್ಯೂಟರಿನಲ್ಲೂ ಆ ಫಾಂಟ್ ಇರಬೇಕು. ಎರಡನೆಯದು ಔಟ್‌ಲೈನ್, ನಮ್ಮ ಪ್ರೆಸ್ಸಿನವರ ಮಾತಿನಲ್ಲಿ ‘ಕರ್ವ್ಸ್’. ಅಕ್ಷರದ ಅಂಚು ಗೆರೆಯಾಗಿ ಉಳಿಯುತ್ತದೆ, ಫಾಂಟ್ ಬೇಕಿಲ್ಲ, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಆದರೆ ಕಾಗುಣಿತ ತಿದ್ದಲು ಬರುವುದಿಲ್ಲ. ಮೂರನೆಯದು ರಾಸ್ಟರ್, ಅಂದರೆ ಫೋಟೋದ ಹಾಗೆ ಬರೀ ಪಿಕ್ಸೆಲ್ ಚುಕ್ಕಿಗಳು.

ಫೋಟೋಶಾಪಿನಲ್ಲಿ Type ಮೆನುವಿನ Convert to Shape ಎರಡನೆಯದನ್ನು ಮಾಡುತ್ತದೆ, Rasterize Type Layer ಮೂರನೆಯದನ್ನು. ಕೋರೆಲ್‌ಡ್ರಾದಲ್ಲಿ ಕರ್ವ್ ಮಾಡಲು Ctrl+Q, ಇಲಸ್ಟ್ರೇಟರಿನಲ್ಲಿ Ctrl+Shift+O. ಪ್ರೆಸ್ಸಿನವರು ‘ಟೆಕ್ಸ್ಟ್ ಕನ್ವರ್ಟ್ ಮಾಡಿ’ ಎಂದಾಗ ಅವರಿಗೆ ಬೇಕಿರುವುದು ಸಾಮಾನ್ಯವಾಗಿ ಎರಡನೆಯದು. ನಾನು ಮಾಡಿದ್ದು ಮೂರನೆಯದು. ತಪ್ಪು ಶುರುವಾಗಿದ್ದೇ ಅಲ್ಲಿ.

ಮೊದಲು ಪ್ರೆಸ್ಸಿಗೆ ಒಂದು ಫೋನ್

ಕೇಳಬೇಕಾದ್ದು ಒಂದೇ ಪ್ರಶ್ನೆ: ನನ್ನ ಪಿಡಿಎಫ್ ನೇರವಾಗಿ ಅಚ್ಚಿನ ಪ್ಲೇಟಿಗೆ ಹೋಗುತ್ತದೋ, ಇಲ್ಲಾ ನೀವು ಅದನ್ನು ಕೋರೆಲ್‌ಡ್ರಾದಲ್ಲಿ ತೆರೆದು ದೊಡ್ಡ ಹಾಳೆಯ ಮೇಲೆ ಜೋಡಿಸುತ್ತೀರೋ? ನೇರವಾಗಿ ಹೋಗುವುದಾದರೆ, ಫಾಂಟ್ ಒಳಗೇ ಸೇರಿರುವ ಪಿಡಿಎಫ್ ಸಾಕು. ಅಕ್ಷರ ಟೈಪ್ ಮಾಡಿದ ರೂಪದಲ್ಲೇ ಇದ್ದರೂ ತೊಂದರೆ ಇಲ್ಲ. ಆದರೆ ಸಣ್ಣ ಊರಿನ ಪ್ರೆಸ್ಸುಗಳಲ್ಲಿ ಜಾಸ್ತಿ ನಡೆಯುವುದು ಎರಡನೆಯ ರೀತಿ. ಕೋರೆಲ್‌ಡ್ರಾ ಪಿಡಿಎಫ್ ತೆಗೆದುಕೊಳ್ಳುವಾಗ ಅಕ್ಷರವನ್ನು Text ಆಗಿ ತರಲೇ, Curves ಆಗಿ ತರಲೇ ಎಂದು ಕೇಳುತ್ತದೆ. ಆಪರೇಟರ್ ಅವಸರದಲ್ಲಿ Text ಒತ್ತಿದರೆ, ನಿಮ್ಮ ಫಾಂಟ್ ಅವರಲ್ಲಿ ಇಲ್ಲದಿದ್ದರೆ, ಬೇರೆ ಫಾಂಟ್ ಬಂದು ಕೂರುತ್ತದೆ.

ಕನ್ನಡದಲ್ಲಿ ಇದು ಇಂಗ್ಲಿಷಿಗಿಂತ ದೊಡ್ಡ ತಲೆನೋವು. ಇಂಗ್ಲಿಷಿನಲ್ಲಿ ಫಾಂಟ್ ಬದಲಾದರೆ ಅಕ್ಷರದ ಅಂದ ಕೆಡಬಹುದು, ಓದಲಂತೂ ಬರುತ್ತದೆ. ನುಡಿಯಂಥ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ‘ಕನ್ನಡ’ ಎಂಬ ಪದ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ PÀ£ÀßqÀ ಎಂದು ಕಾಣುತ್ತದೆ. ಇದು ಹೇಗೂ ಎದ್ದು ಕಾಣುವ ತಪ್ಪು, ಯಾರಾದರೂ ಹಿಡಿಯುತ್ತಾರೆ. ಯುನಿಕೋಡಿನ ತಪ್ಪು ಹಾಗಲ್ಲ. ಒತ್ತಕ್ಷರ ಕೂಡಿಸಲು ಬಾರದ ಹಳೆಯ ತಂತ್ರಾಂಶದಲ್ಲಿ ‘ಪುತ್ರಿ’ ಎನ್ನುವುದು ‘ಪುತ್‌ರಿ’ ಆಗಿಬಿಡುತ್ತದೆ. ಐವತ್ತು ಹೆಸರುಗಳ ನಡುವೆ ಅದು ಕಣ್ಣಿಗೆ ಬೀಳುವುದೇ ಇಲ್ಲ. (ನಿಮ್ಮ ಫೋಟೋಶಾಪಿನಲ್ಲೇ ಹೀಗೆ ಒಡೆಯುತ್ತಿದ್ದರೆ Paragraph ಪ್ಯಾನಲಿನ ಮೂಲೆಯ ಮೆನುವಿನಲ್ಲಿ World-Ready ಎಂದು ಶುರುವಾಗುವ ಆಯ್ಕೆ ಹುಡುಕಿ.)

ಹೀಗಾಗಿ ನನ್ನ ರೂಢಿ ಇಷ್ಟು: ಪ್ರೂಫ್ ಒಪ್ಪಿಗೆ ಆಗುವವರೆಗೆ ಅಕ್ಷರ ಅಕ್ಷರವಾಗಿಯೇ ಇರುತ್ತದೆ. ಒಪ್ಪಿಗೆಯಾದ ಮೇಲೆ File > Save As ಮಾಡಿ, ಬೇರೆ ಹೆಸರಿನ ಪ್ರತಿಯಲ್ಲಿ ಮಾತ್ರ ಕರ್ವ್ ಮಾಡುತ್ತೇನೆ. ಮೂಲ ಫೈಲನ್ನು ಮುಟ್ಟುವುದಿಲ್ಲ.

ಸಣ್ಣ ಅಕ್ಷರವನ್ನು ರಾಸ್ಟರೈಸ್ ಮಾಡಿದರೆ ಏನಾಗುತ್ತದೆ

ಪತ್ರಿಕೆಯ ಒಳಪುಟದಲ್ಲಿ ‘ತಮ್ಮ ಆಗಮನಾಭಿಲಾಷಿಗಳು’ ಎಂಬ ಸಾಲಿನ ಕೆಳಗೆ ಬಂಧುಗಳ ಹೆಸರುಗಳಿವೆ, 9 ಪಾಯಿಂಟಿನಲ್ಲಿ. ಫೈಲು 300 ಪಿಪಿಐ, ಅಂದರೆ ಇಂಚಿಗೆ 300 ಪಿಕ್ಸೆಲ್. ಒಂದು ಇಂಚಿಗೆ 72 ಪಾಯಿಂಟ್. ಅಲ್ಲಿಗೆ 9 ಪಾಯಿಂಟ್ ಅಕ್ಷರಕ್ಕೆ ಸಿಗುವುದು ಸುಮಾರು 37 ಪಿಕ್ಸೆಲ್ ಎತ್ತರ. ಅಷ್ಟರಲ್ಲೇ ಮೇಲಿನ ಗುಡಿಸು, ನಡುವಿನ ಅಕ್ಷರ, ಕೆಳಗಿನ ಒತ್ತು ಎಲ್ಲವೂ ಹಿಡಿಸಬೇಕು. ಒತ್ತಿನ ಗೆರೆಯ ಪಾಲಿಗೆ ಬರುವುದು ಎರಡು ಮೂರು ಪಿಕ್ಸೆಲ್. ಅದರಲ್ಲೂ ಅಂಚಿನ ಪಿಕ್ಸೆಲ್‌ಗಳು ಕಪ್ಪಲ್ಲ, ಬೂದು.

ಆ ಬೂದು ಬಣ್ಣವೇ ಅಸಲಿ ತೊಂದರೆ. ಆಫ್‌ಸೆಟ್ ಮಷೀನಿಗೆ ಬೂದು ಶಾಯಿ ಇಲ್ಲ. ಕಪ್ಪು ಶಾಯಿಯನ್ನು ಸಣ್ಣ ಚುಕ್ಕಿಗಳಾಗಿ ಒಡೆದು ಬೂದು ತೋರಿಸುತ್ತದೆ. ಹಾಗಾಗಿ ಅಕ್ಷರದ ಅಂಚು ಗರಗಸದ ಹಲ್ಲಿನ ಹಾಗೆ ಆಗುತ್ತದೆ. ಅದೇ ಅಕ್ಷರ ಟೈಪ್ ರೂಪದಲ್ಲೋ ಕರ್ವ್ ಆಗಿಯೋ ಹೋದರೆ ಪ್ಲೇಟ್ ಮಾಡುವ ಯಂತ್ರ ಅದನ್ನು ತನ್ನದೇ ರೆಸಲ್ಯೂಷನ್ನಿನಲ್ಲಿ ಬರೆಯುತ್ತದೆ. ಅದು 2400 ಡಿಪಿಐ ಯಂತ್ರವಾದರೆ 9 ಪಾಯಿಂಟಿಗೆ 300 ಚುಕ್ಕಿ. 37 ಎಲ್ಲಿ, 300 ಎಲ್ಲಿ!

ಬಣ್ಣದ್ದೂ ಒಂದು ಕಥೆ ಇದೆ. ಫೈಲು ಕಂಪ್ಯೂಟರ್ ತೆರೆಯ ಬಣ್ಣಪದ್ಧತಿಯಾದ ಆರ್‌ಜಿಬಿಯಲ್ಲಿದ್ದಾಗ ಹಾಕಿದ ಅಚ್ಚಕಪ್ಪು, ಮುದ್ರಣದ ನಾಲ್ಕು ಶಾಯಿಗಳ ಸಿಎಂವೈಕೆಗೆ ಬದಲಾದಾಗ ಬರೀ ಕಪ್ಪಾಗಿ ಉಳಿಯುವುದಿಲ್ಲ. ಫೋಟೋಶಾಪಿನ ಅಮೆರಿಕನ್ ಡೀಫಾಲ್ಟ್ ಸೆಟ್ಟಿಂಗಿನಲ್ಲಿ ಅದು ಸಯಾನ್ 75, ಮೆಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ. ನಾಲ್ಕು ಪ್ಲೇಟುಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಹೆಸರುಗಳ ಸುತ್ತ ಕೆಂಪು, ನೀಲಿ ನೆರಳು ಕಾಣುತ್ತದೆ. ಅಕ್ಷರ ಟೈಪ್ ರೂಪದಲ್ಲಿದ್ದರೆ, ಸಿಎಂವೈಕೆಗೆ ಬದಲಿಸಿದ ಮೇಲೆ ಎಲ್ಲವನ್ನೂ ಆಯ್ದು 0, 0, 0, 100 ಎಂದು ಕೊಟ್ಟರೆ ಮುಗಿಯಿತು, ಅರ್ಧ ನಿಮಿಷದ ಕೆಲಸ. ರಾಸ್ಟರೈಸ್ ಆಗಿ ಹಿನ್ನೆಲೆಗೆ ಅಂಟಿದ್ದರೆ ಅಂಚಿನ ಪಿಕ್ಸೆಲ್‌ಗಳಲ್ಲಿ ಹಿನ್ನೆಲೆಯ ಬಣ್ಣವೂ ಬೆರೆತಿರುತ್ತದೆ. ಅದನ್ನು ಬಿಡಿಸಲು ಆಗುವುದಿಲ್ಲ.

ಆದ್ದರಿಂದ ಹೆಸರು, ವಿಳಾಸ, ಮುಹೂರ್ತ, ಫೋನ್ ನಂಬರ್ ಇರುವ ಲೇಯರುಗಳನ್ನು ರಾಸ್ಟರೈಸ್ ಮಾಡಲೇಬೇಡಿ. ಇನ್ನೊಂದು ಮಾತು: ಜೆಪೆಗ್ ಆಗಿ ಸೇವ್ ಮಾಡುವುದೂ ರಾಸ್ಟರೈಸ್ ಮಾಡಿದಂತೆಯೇ. ಲೇಯರನ್ನು ಎಷ್ಟೇ ಜೋಪಾನ ಮಾಡಿದ್ದರೂ ಕೊನೆಗೆ ಜೆಪೆಗ್ ಕಳಿಸಿದರೆ ಎಲ್ಲವೂ ಪಿಕ್ಸೆಲ್.

ಯಾವುದನ್ನು ರಾಸ್ಟರೈಸ್ ಮಾಡಬಹುದು

ಮುಖಪುಟದಲ್ಲಿ ವಧೂವರರ ಹೆಸರು ದೊಡ್ಡದಾಗಿದೆ, ಸುಮಾರು 48 ಪಾಯಿಂಟ್. ಅದರ ಮೇಲೆ ಹಳೆಯ ಚಿನ್ನದ ರೇಕಿನ ಹಾಗೆ ಅಲ್ಲಲ್ಲಿ ಸವೆದಂತೆ ಬ್ರಷ್ಷಿನಿಂದ ಕೆರೆದಿದ್ದೇನೆ. ಈ ಥರ ಅಕ್ಷರದ ಮೈಯನ್ನೇ ಪಿಕ್ಸೆಲ್ ಮಟ್ಟದಲ್ಲಿ ಕೆರೆಯುವ ಕೆಲಸಕ್ಕೆ ರಾಸ್ಟರೈಸ್ ಮಾಡುವುದೇ ಸರಿ. ಆದರೆ ಕ್ರಮ ಮುಖ್ಯ. ಮೊದಲು Ctrl+J ಒತ್ತಿ ಲೇಯರಿನ ನಕಲು ಮಾಡಿ, ಮೂಲದ ಕಣ್ಣು ಮುಚ್ಚಿಡಿ. ಅಕ್ಷರವನ್ನು ಕೊನೆಯ ಅಳತೆಗೆ ತಂದು, ಆಮೇಲೆ ನಕಲನ್ನು ರಾಸ್ಟರೈಸ್ ಮಾಡಿ. ಮಾಡಿದ ಮೇಲೆ ಹಿಗ್ಗಿಸಬೇಡಿ. ಹಿಗ್ಗಿಸಲೇಬೇಕಾದರೆ ಮೂಲದಿಂದ ಮತ್ತೆ ಶುರು.

ಹೆಸರಿಗೆ ಮಸುಕಾದ ನೆರಳು ಮಾತ್ರ ಬೇಕಿದ್ದರೆ ಅಕ್ಷರವನ್ನು ಕೆಡಿಸಬೇಕಿಲ್ಲ. ನಕಲನ್ನು ರಾಸ್ಟರೈಸ್ ಮಾಡಿ, ಬ್ಲರ್ ಹಾಕಿ ಕೆಳಗಿಡಿ. ಮೇಲಿನ ಅಕ್ಷರ ಚೂಪಾಗಿಯೇ ಇರಲಿ.

ಬ್ಯಾನರಿನ ಲೆಕ್ಕ ಬೇರೆಯೇ. 10 x 6 ಅಡಿ ಎಂದರೆ 120 x 72 ಇಂಚು. ಅದನ್ನೂ 300 ಪಿಪಿಐಯಲ್ಲಿ ಮಾಡಲು ಹೋದರೆ ಅಗಲವೇ 36,000 ಪಿಕ್ಸೆಲ್, ಪಿಎಸ್‌ಡಿ ಫೈಲಿನ ಮಿತಿ 30,000. ದೂರದಿಂದ ನೋಡುವ ಬ್ಯಾನರಿಗೆ 72 ಪಿಪಿಐ ಸಾಕು, 8640 x 5184 ಪಿಕ್ಸೆಲ್. ಅಲ್ಲಿ 4 ಇಂಚು ಎತ್ತರದ ಅಕ್ಷರಕ್ಕೂ 288 ಪಿಕ್ಸೆಲ್ ಸಿಗುತ್ತದೆ. ರಾಸ್ಟರೈಸ್ ಮಾಡಿ ಕಳಿಸಿದರೂ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಫಾಂಟಿನ ಕಿರಿಕಿರಿಯೂ ಇಲ್ಲ. ಇಲ್ಲಿ ನಾನು ಧಾರಾಳವಾಗಿ ರಾಸ್ಟರೈಸ್ ಮಾಡುತ್ತೇನೆ.

ಕರ್ವ್ ಮಾಡುವಾಗ ಅಡ್ಡ ಬರುವ ಎರಡು ವಿಷಯ

Convert to Shape ಒತ್ತಿದಾಗ ಫೋಟೋಶಾಪ್ ಆಗುವುದಿಲ್ಲ ಎಂದು ಹಟ ಹಿಡಿದರೆ Character ಪ್ಯಾನಲಿನಲ್ಲಿ Faux Bold ಒತ್ತಿದ್ದೀರಾ ನೋಡಿ. ಅನೇಕ ಕನ್ನಡ ಫಾಂಟುಗಳಿಗೆ ದಪ್ಪ ರೂಪ ಇಲ್ಲದ ಕಾರಣ ನಾವು ಸುಮ್ನೆ ಅದನ್ನು ಒತ್ತಿಬಿಡುತ್ತೇವೆ. ಅದನ್ನು ತೆಗೆದು, ನಿಜವಾದ ಬೋಲ್ಡ್ ಇರುವ ಫಾಂಟ್ ಹಾಕಿ. ‘ಹೇಗೂ ಆಗ್ತಿಲ್ಲ, ರಾಸ್ಟರೈಸ್ ಮಾಡಿಬಿಡೋಣ’ ಎಂದು ಅನ್ನಿಸುವುದು ಇಲ್ಲೇ. ಮಾಡಬೇಡಿ.

ಎರಡನೆಯದು, ಕೆಲವು ಫಾಂಟುಗಳಲ್ಲಿ ಅಕ್ಷರ ಮತ್ತು ಒತ್ತು ಒಂದರ ಮೇಲೊಂದು ಹತ್ತಿಕೊಂಡಿರುತ್ತವೆ. ಕರ್ವ್ ಮಾಡಿ ಒಂದುಗೂಡಿಸಿದಾಗ ಹತ್ತಿಕೊಂಡ ಜಾಗ ಬಿಳಿ ತೂತಾಗಬಹುದು. ಕೋರೆಲ್‌ಡ್ರಾದಲ್ಲಿ Combine ಬದಲು Weld ಮಾಡಿದರೆ ತೂತು ಹೋಗುತ್ತದೆ. ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿಕೊಂಡು ಹೋಗುವುದು ಬೇಸರದ ಕೆಲಸ, ನಿಜ. ಆದರೆ ಸಾವಿರ ಪ್ರತಿ ಅಚ್ಚಾದ ಮೇಲಿನ ಬೇಸರ ಇನ್ನೂ ದೊಡ್ಡದು, ಅಲ್ವಾ?

ಕಳಿಸುವ ಮುನ್ನ ಮೂರು ನಿಮಿಷ

ಫೋಟೋಶಾಪಿನಿಂದ ಪಿಡಿಎಫ್ ಮಾಡುವಾಗ ಲೇಯರುಗಳನ್ನೆಲ್ಲ ಒಂದಾಗಿಸುವ ಫ್ಲಾಟನ್ ಮಾಡಬೇಡಿ, Layers ಗುರುತು ಇರಲಿ. ಆಮೇಲೆ ಪಿಡಿಎಫನ್ನು ಅಕ್ರೋಬ್ಯಾಟ್ ರೀಡರಿನಲ್ಲಿ ತೆರೆದು ಅತಿ ಸಣ್ಣ ಹೆಸರೊಂದನ್ನು 6400 ಪರ್ಸೆಂಟಿಗೆ ಹಿಗ್ಗಿಸಿ. ಅಂಚು ನಯವಾಗಿದ್ದರೆ ಸರಿ. ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಆ ಲೇಯರ್ ಎಲ್ಲೋ ರಾಸ್ಟರ್ ಆಗಿದೆ. ನಂತರ Ctrl+D ಒತ್ತಿ Fonts ಎಂಬಲ್ಲಿ ನೋಡಿ. ಎಲ್ಲವೂ ಕರ್ವ್ ಆಗಿದ್ದರೆ ಪಟ್ಟಿ ಖಾಲಿ ಇರುತ್ತದೆ. ಟೈಪ್ ರೂಪದಲ್ಲೇ ಬಿಟ್ಟಿದ್ದರೆ ಪ್ರತಿ ಫಾಂಟಿನ ಮುಂದೆ Embedded ಅಥವಾ Embedded Subset ಎಂದಿರಬೇಕು. ಪಟ್ಟಿ ಖಾಲಿ ಇರುವುದಷ್ಟನ್ನೇ ನೋಡಿ ಸಮಾಧಾನಪಡಬೇಡಿ, ರಾಸ್ಟರ್ ಆದರೂ ಅದು ಖಾಲಿಯೇ. ಹಿಗ್ಗಿಸಿ ನೋಡುವುದು ಅದಕ್ಕೇ ಮೊದಲು.

ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.

ಈಗ ನನ್ನ ಫೋಲ್ಡರಿನಲ್ಲಿ ಪ್ರತಿ ಕೆಲಸಕ್ಕೂ ಎರಡು ಫೈಲು. maduve_moola.psd ನನ್ನ ಹತ್ತಿರವೇ ಇರುತ್ತದೆ. maduve_press_3.pdf ಪ್ರೆಸ್ಸಿಗೆ ಹೋಗುತ್ತದೆ. ಆ 3 ಎನ್ನುವುದು ಮೂರನೇ ಸಲದ ತಿದ್ದುಪಡಿ. ಭಾವ ಇನ್ನೊಮ್ಮೆ ಫೋನ್ ಮಾಡಿದರೆ ಅದು 4 ಆಗುತ್ತದೆ, ಅಷ್ಟೆ.