ಹೊಸೂರಿಗೆ ಹೊಸಬರಿಗೆ: ಜೊತೆಗಾರ ಮಧ್ಯದಲ್ಲೇ ಮನೆ ಬಿಟ್ಟರೆ ಬಾಡಿಗೆ ಯಾರ ತಲೆ ಮೇಲೆ?

ನಮ್ಮ ಕನ್ನಡದವರು ಹೊಸೂರಿಗೆ ಬರುವ ರೀತಿ ಹೆಚ್ಚುಕಡಿಮೆ ಒಂದೇ. ಸಿಪ್ಕಾಟ್ ಕಡೆ ಕೆಲಸ ಸಿಗುತ್ತದೆ, ಮೊದಲು ಮೂವರೋ ನಾಲ್ವರೋ ಸೇರಿ ಒಂದು ಮನೆ ಹಿಡಿಯುತ್ತಾರೆ. ಆರೇಳು ತಿಂಗಳಾದ ಮೇಲೆ ಒಬ್ಬೊಬ್ಬರೇ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಬೇರೆ ಮನೆ ಮಾಡುತ್ತಾರೆ. ಎಡವಟ್ಟಾಗುವುದು ಅಲ್ಲೇ. ಹೋಗುವವರಿಗೆ ತಾವು ಇನ್ನೂ ಸಾಲಗಾರರು ಅಂತ ಗೊತ್ತಿರುವುದಿಲ್ಲ, ಉಳಿಯುವವರಿಗೆ ಅವರ ಪಾಲೂ ತಮ್ಮ ಮೇಲೆ ಬಿತ್ತು ಅಂತ ಗೊತ್ತಿರುವುದಿಲ್ಲ.

ನಮಗೆ ಆದದ್ದು

ಬಾಗಲೂರು ರಸ್ತೆ ಕಡೆ ಮೂವರು ಒಂದು ಮನೆ ತೆಗೆದುಕೊಂಡೆವು. ಬಾಡಿಗೆ 12,000, ಅಡ್ವಾನ್ಸ್ 36,000, ಹನ್ನೊಂದು ತಿಂಗಳ ಅಗ್ರಿಮೆಂಟ್. ಮೂವರದ್ದೂ ಸಹಿ. ಪತ್ರ ತಮಿಳಿನಲ್ಲಿತ್ತು, ನಾವು ಓದಿಸಿಕೊಳ್ಳಲಿಲ್ಲ. ಊರಲ್ಲಿ ಎಲ್ಲವೂ ಬಾಯಿಮಾತಲ್ಲೇ ನಡೆಯುತ್ತದಲ್ವಾ, ಅದೇ ಅಭ್ಯಾಸ.

ಆರು ತಿಂಗಳಾದ ಮೇಲೆ ಒಬ್ಬ ಹೊರಟ. ಓನರಿಗೆ ಫೋನ್ ಮಾಡಿದ. ಅವರು "ಸರಿ ತಂಬಿ, ಪರವಾಯಿಲ್ಲ" ಅಂದರು. ಅಡ್ವಾನ್ಸಿನಲ್ಲಿ ಅವನ ಪಾಲು 12,000 ಅಂತ ನಾವಿಬ್ಬರೂ ಕೈಯಿಂದ ಆರಾರು ಸಾವಿರ ಹಾಕಿ ಅವತ್ತೇ ಕೊಟ್ಟು ಕಳಿಸಿದೆವು. ಸ್ನೇಹಿತ, ಮಗು ಹುಟ್ಟಿದೆ, ಮನೆ ಮಾಡಬೇಕು, ಕಾಯಿಸುವುದು ಬೇಡ ಅನ್ನಿಸಿತು. ಮುಂದಿನ ತಿಂಗಳು ನಮ್ಮಿಬ್ಬರ ಪಾಲು 8,000 ಕಟ್ಟಿದೆವು. ಅದರ ಮುಂದಿನ ತಿಂಗಳೂ ಅಷ್ಟೇ. ಆಮೇಲೆ ವಕೀಲರ ನೋಟಿಸ್ ಬಂತು: ಬಾಕಿ 8,000 ಕೊಡಿ, ಇಲ್ಲವಾದರೆ ಮನೆ ಖಾಲಿ ಮಾಡಿ. ಅದೂ ನನ್ನೊಬ್ಬನ ಹೆಸರಿಗೆ.

ಮೂವರು ಸಹಿ ಹಾಕಿರುವಾಗ ನನ್ನೊಬ್ಬನಿಗೆ ನೋಟಿಸ್ ಕೊಟ್ಟರೆ ನಡೆಯುವುದಿಲ್ಲ ಅಂದುಕೊಂಡು ಹತ್ತು ದಿನ ಸುಮ್ನೆ ಕೂತೆ. ಅದು ತಪ್ಪು. ಜೊತೆಯಾಗಿ ಬಾಡಿಗೆಗೆ ತೆಗೆದುಕೊಂಡವರಲ್ಲಿ ಒಬ್ಬರಿಗೆ ಖಾಲಿ ಮಾಡುವ ನೋಟಿಸ್ ಕೊಟ್ಟರೂ ಸಾಕು ಅಂತ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿದೆ. ನಿಮ್ಮ ಹೆಸರಿಗೆ ಬಂದರೆ ಅದೇ ದಿನ ಉಳಿದವರಿಗೆ ತೋರಿಸಿ.

ಕಾನೂನು ಹೇಗೆ ನೋಡುತ್ತದೆ

1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಎರಡು ಕಲಂ ಇವೆ, 43 ಮತ್ತು 44. ಈ ಎರಡನ್ನು ತಿಳಿದುಕೊಂಡರೆ ಸಾಕು.

43 ಹೇಳುವುದು ಇಷ್ಟು. ಹಲವರು ಸೇರಿ ಒಂದು ಮಾತು ಕೊಟ್ಟರೆ, ಬೇರೆ ರೀತಿ ಬರೆದುಕೊಂಡಿಲ್ಲದಿದ್ದರೆ, ಎದುರಿನವರು ಅವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ವಸೂಲಿ ಮಾಡಬಹುದು. ಓನರಿನ ಕಣ್ಣಿಗೆ ನಾಲ್ಕು ಸಾವಿರದ ಮೂರು ಬಾಡಿಗೆ ಇಲ್ಲ, ಇರುವುದು ಹನ್ನೆರಡು ಸಾವಿರದ ಒಂದೇ ಬಾಡಿಗೆ. ಪಾಲು ಅನ್ನುವುದು ನಮ್ಮ ನಮ್ಮೊಳಗಿನ ಲೆಕ್ಕ. ಆ ಲೆಕ್ಕಕ್ಕೂ ಅದೇ ಕಲಂ ಬೆಲೆ ಕೊಡುತ್ತದೆ: ಜಾಸ್ತಿ ಕಟ್ಟಿದವನು ಉಳಿದವರಿಂದ ಅವರವರ ಪಾಲು ಕೇಳಬಹುದು. ಒಬ್ಬನಿಂದ ಹುಟ್ಟದೇ ಹೋದರೆ ಆ ನಷ್ಟವನ್ನು ಉಳಿದವರು ಸಮನಾಗಿ ಹೊರಬೇಕು.

ನಮ್ಮ ಲೆಕ್ಕಕ್ಕೆ ಹಾಕಿ ನೋಡಿ. ಎರಡು ತಿಂಗಳ ಬಾಡಿಗೆ 24,000, ತಲಾ 8,000. ನಾವಿಬ್ಬರು ನಮ್ಮ ಎಂಟೆಂಟು ಕಟ್ಟಿಯಾಗಿತ್ತು. ಬಾಕಿ 8,000 ಪೂರ್ತಿ ಹೋದವನದ್ದು. ನೋಟಿಸ್ ಬಂದಿದ್ದರಿಂದ ಅದನ್ನೂ ನಾನೇ ಕಟ್ಟಿದೆ. ಅವನನ್ನು ಕೇಳಿದರೆ "ಓನರೇ ಬಿಟ್ಟಿದ್ದಾರೆ, ನಿಮ್ಮದೇನು?" ಅಂದ.

ಅವನ ಮಾತಿಗೆ ಉತ್ತರ 44ನೇ ಕಲಮಿನಲ್ಲಿದೆ. ಮಾತು ಕೊಟ್ಟವರಲ್ಲಿ ಒಬ್ಬನನ್ನು ಓನರ್ ಬಿಟ್ಟುಬಿಟ್ಟರೆ ಉಳಿದವರ ಹೊಣೆ ಹೋಗುವುದಿಲ್ಲ. ಬಿಡಿಸಿಕೊಂಡವನು ಜೊತೆಗಾರರಿಗೆ ಕೊಡಬೇಕಾದದ್ದೂ ಹೋಗುವುದಿಲ್ಲ. ಓನರಿನ ಆ "ಪರವಾಯಿಲ್ಲ" ನಮ್ಮ ಬಾಡಿಗೆಯಲ್ಲಿ ಒಂದು ರೂಪಾಯಿಯನ್ನೂ ಇಳಿಸಲಿಲ್ಲ, ಅವನು ನಮಗೆ ಕೊಡಬೇಕಾದದ್ದನ್ನೂ ಇಳಿಸಲಿಲ್ಲ. ಆದರೆ ಕಾನೂನು ನಮ್ಮ ಕಡೆ ಇದ್ದರೂ ಕೈಯಲ್ಲಿ ಹಿಡಿತ ಇರಲಿಲ್ಲ, ಅಡ್ವಾನ್ಸ್ ಪಾಲು ಮೊದಲೇ ಕೊಟ್ಟಿದ್ದೆವು. ಎಂಟು ಸಾವಿರಕ್ಕೆ ಕೋರ್ಟಿಗೆ ಯಾರು ಹೋಗುತ್ತಾರೆ? ಕೊನೆಗೆ ನಾವಿಬ್ಬರೇ ತಲಾ 4,000 ಹೊತ್ತೆವು. ಆ 12,000 ತಡೆದಿದ್ದರೆ 8,000 ಹಿಡಿದುಕೊಂಡು 4,000 ಕೊಟ್ಟು ಮುಗಿಸಬಹುದಿತ್ತು. ಸ್ನೇಹವೂ ಉಳಿಯುತ್ತಿತ್ತು.

ಪತ್ರದಲ್ಲಿ ಏನು ನೋಡಬೇಕು

ತಮಿಳು ಪತ್ರದಲ್ಲಿ "ಕೂಟ್ಟಾಗವುಂ ತನಿತ್ತನಿಯಾಗವುಂ" ಅಂತ ಇದ್ದರೆ, ಇಂಗ್ಲಿಷ್ ಪತ್ರದಲ್ಲಿ "ಜಾಯಿಂಟ್ಲಿ ಅಂಡ್ ಸೆವರಲಿ" ಅಂತ ಇದ್ದರೆ, ಎಲ್ಲರೂ ಸೇರಿಯೂ ಒಬ್ಬೊಬ್ಬರಾಗಿಯೂ ಹೊಣೆ ಅಂತ ಅರ್ಥ. ಈ ಮಾತು ಇಲ್ಲದಿದ್ದರೂ 43ನೇ ಕಲಂ ಇದ್ದೇ ಇದೆ, ಇಲ್ಲ ಅಂತ ಖುಷಿಪಡಬೇಡಿ. ಒಬ್ಬೊಬ್ಬರೂ ತಮ್ಮ ಪಾಲಿಗೆ ಮಾತ್ರ ಹೊಣೆ ಅಂತ ಓನರ್ ಬರೆದುಕೊಟ್ಟರೆ ಮಾತ್ರ ಬೇರೆ ಮಾತು.

ಇನ್ನು ಇವು:
- ಲಾಕ್-ಇನ್, ಅಂದರೆ ಮಧ್ಯದಲ್ಲಿ ಮನೆ ಬಿಡಬಾರದ ಅವಧಿ, ಎಷ್ಟು ತಿಂಗಳು
- ನೋಟಿಸ್ ಒಂದು ತಿಂಗಳೋ, ಎರಡೋ
- ಒಬ್ಬರ ಬದಲು ಇನ್ನೊಬ್ಬರನ್ನು ತರಬಹುದು ಅಂತ ಇದೆಯಾ
- ಯಾರ ಯಾರ ಸಹಿ ಇದೆ. ಒಬ್ಬನದೇ ಇದ್ದರೆ ಓನರಿಗೆ ಉತ್ತರ ಕೊಡಬೇಕಾದವನು ಅವನೊಬ್ಬನೇ

ಹೋಗುವಾಗ ಮಾಡಬೇಕಾದ್ದು

ಒಂದೇ ಸರಿಯಾದ ದಾರಿ ಇದೆ, ಹಳೇ ಪತ್ರ ಮುಗಿಸಿ ಹೊಸ ಪತ್ರ ಮಾಡಿಸುವುದು. ಹೊಸ ಜೊತೆಗಾರನನ್ನು ಹುಡುಕಿ, ಓನರ್, ಉಳಿಯುವವರು, ಬರುವವನು, ಹೋಗುವವನು ಎಲ್ಲರೂ ಸಹಿ ಹಾಕಿ, ಇಂಥ ತಾರೀಖಿನಿಂದ ಇವನ ಬದಲು ಅವನು ಅಂತ ಬರೆಸಿ. ಆಗ ಹೋಗುವವನ ಹೊಣೆ ಆ ತಾರೀಖಿಗೆ ನಿಲ್ಲುತ್ತದೆ. ಅಗ್ರಿಮೆಂಟನ್ನು ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು ಅನ್ನುವ ತಮಿಳುನಾಡಿನ ಕಾಯ್ದೆ 2019ರ ಫೆಬ್ರವರಿಯಿಂದ ಜಾರಿಯಲ್ಲಿದೆ, ಹೊಸ ಪತ್ರವನ್ನೂ ಅಲ್ಲಿ ನೋಂದಾಯಿಸಿ.

ಅಡ್ವಾನ್ಸ್ ಪಾಲನ್ನು ಹೊಸಬನೇ ಹೋಗುವವನಿಗೆ ಕೊಡುತ್ತಾನೆ, ಓನರ್ ಹತ್ತಿರ ಇರುವ ಹಣ ಹಾಗೇ ಇರುತ್ತದೆ. ಆದರೆ ಅವತ್ತೇ ಎಲ್ಲರೂ ಮನೆ ಸುತ್ತಿ ನೋಡಿ. ಒಡೆದ ವಾಶ್‌ಬೇಸಿನ್, ಗೋಡೆ ಮೇಲಿನ ಕಲೆ, ಕೊನೆ ಕರೆಂಟ್ ಬಿಲ್ ಎಲ್ಲದರ ಫೋಟೋ ತೆಗೆದು, ಅವನ ಕಾಲದ ರಿಪೇರಿ ಖರ್ಚು ಕಳೆದು ಉಳಿದದ್ದನ್ನು ಕೊಡಿಸಿ. ಇಲ್ಲದಿದ್ದರೆ ಮನೆ ಖಾಲಿ ಮಾಡುವ ದಿನ ಓನರ್ ಹಿಡಿಯುವ ದುಡ್ಡು, ಆ ಬೇಸಿನ್ ಮುಟ್ಟದ ಹೊಸಬನ ಮೇಲೆ ಬೀಳುತ್ತದೆ.

ಹೊಸಬ ಸಿಗಲಿಲ್ಲವಾ? ಪತ್ರದಲ್ಲಿ ನೋಟಿಸ್‌ಗೆ ಅವಕಾಶ ಇದ್ದರೆ ಮೂವರೂ ಸೇರಿ ಸಹಿ ಹಾಕಿ ಓನರಿಗೆ ಬರವಣಿಗೆಯಲ್ಲಿ ನೋಟಿಸ್ ಕೊಡಿ, ಪ್ರತಿ ಇಟ್ಟುಕೊಳ್ಳಿ. ಒಬ್ಬ ಹೋಗಿ "ನಾನು ಬಿಡ್ತಿದ್ದೀನಿ" ಅಂದರೆ ಮನೆ ಬಿಟ್ಟಂತಾಗುವುದಿಲ್ಲ. ಅಲ್ಲಿಯವರೆಗೆ ಹೋಗುವವನ ಅಡ್ವಾನ್ಸ್ ಪಾಲನ್ನು ಕೊಡಬೇಡಿ, ಯಾಕೆ ಅಂತ ವಾಟ್ಸಾಪಿನಲ್ಲಿ ಅವನಿಗೇ ಬರೆದು ತಿಳಿಸಿ, ಅವನ "ಸರಿ" ಬರುವವರೆಗೆ ಬಿಡಬೇಡಿ. ಬಾಡಿಗೆಯನ್ನು ಯುಪಿಐ ಮೂಲಕವೇ ಕಟ್ಟಿ, ಯಾವ ತಿಂಗಳದ್ದು ಅಂತ ಬರೆದು. ಅವನ ಪಾಲನ್ನು ನೀವು ಕಟ್ಟಿದ್ದು ಅದರಿಂದಲೇ ಸಾಬೀತಾಗುತ್ತದೆ.

ಮನೆಯವರನ್ನು ಕರೆಸಿಕೊಳ್ಳಲು ಹೊರಡುತ್ತಿರುವವರಿಗೆ ಒಂದು ಮಾತು, ಬೇಜಾರಾಗಬೇಡಿ. ನೀವು ಕನ್ನಡದವರನ್ನೇ ಹುಡುಕಿ ಜೊತೆ ಸೇರಿದ್ದೀರಿ, ಅವರ ಮೇಲೆ ಎರಡು ತಿಂಗಳ ಬಾಡಿಗೆ ಹೇರಿ ಹೋಗಬೇಡಿ. ಒಂದು ತಿಂಗಳು ಮೊದಲೇ ಹೇಳಿ, ನಿಮ್ಮ ಜಾಗಕ್ಕೆ ಜನ ನೀವೇ ಹುಡುಕಿ.

ತಮಿಳು ಪತ್ರ ಓದಲು ಬರದಿದ್ದರೆ ಸಹಿಗೆ ಮೊದಲು ಸಂಘಕ್ಕೆ ತನ್ನಿ. ತಮಿಳು ಬಲ್ಲವರು ನಮ್ಮಲ್ಲಿದ್ದಾರೆ, ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತೇವೆ. ಸಹಿ ಹಾಕಿಯಾಗಿದ್ದರೂ ತನ್ನಿ.