ಪ್ರತಿ ಮಾತಿಗೂ ಒಂದು ಚಿತ್ರ: ಆಲೆಮನೆ ವಿಡಿಯೋ ನನಗೆ ಕಲಿಸಿದ್ದು

ವಿಡಿಯೋ ಹಾಕಿದ ಮಾರನೇ ದಿನ ಬೆಳಿಗ್ಗೆ ಮಂಡ್ಯ ಹತ್ತಿರದ ಆಲೆಮನೆಯ ಯಜಮಾನರು ಫೋನ್ ಮಾಡಿದರು. "ಏನಪ್ಪಾ, ನಾನೇ ಬೆಲ್ಲಕ್ಕೆ ಕೆಮಿಕಲ್ ಸುರೀತಿರೋ ಹಂಗೆ ತೋರ್ಸಿದ್ದೀಯಲ್ಲ?"

ನನಗೆ ಅರ್ಥವೇ ಆಗಲಿಲ್ಲ. ನಾನು ಹೇಳಿದ್ದು ಅದಕ್ಕೆ ಪೂರ್ತಿ ಉಲ್ಟಾ. ಸ್ಕ್ರಿಪ್ಟಿನ ವಾಕ್ಯ ಹೀಗಿತ್ತು: "ಬೆಲ್ಲದ ಬಣ್ಣ ತಿಳಿಯಾಗಲಿ ಅಂತ ಇಲ್ಲಿ ಯಾವ ರಾಸಾಯನಿಕವನ್ನೂ ಹಾಕುವುದಿಲ್ಲ." ಅದರ ಮೇಲೆ ನಾನು ಇಟ್ಟಿದ್ದ ಶಾಟ್, ಕುದಿಯುವ ಕೊಪ್ಪರಿಗೆಗೆ ಅವರು ಬಿಳಿ ಪುಡಿ ಹಾಕುತ್ತಿರುವುದು. ಅದು ಬರೀ ಸುಣ್ಣ. ಕಬ್ಬಿನ ಹಾಲಿನ ಹುಳಿ ಮುರಿಯಲು ಚೂರು ಹಾಕುತ್ತಾರೆ. ಆದರೆ ನೋಡುವವರಿಗೆ ಅದು ಹೇಗೆ ಗೊತ್ತಾಗಬೇಕು? ಐದು ಸೆಕೆಂಡು "ಬಣ್ಣ, ರಾಸಾಯನಿಕ" ಅಂತ ಕಿವಿಗೆ ಬೀಳುತ್ತದೆ, ಕಣ್ಣಿಗೆ ಬಿಳಿ ಪುಡಿ ಕಾಣುತ್ತದೆ. "ಇಲ್ಲ" ಅನ್ನುವುದು ಕೊನೆಯ ಅರ್ಧ ಸೆಕೆಂಡಿನಲ್ಲಿ ಬರುತ್ತದೆ. ಅಷ್ಟರಲ್ಲಿ ಕಣ್ಣು ತೀರ್ಪು ಕೊಟ್ಟಾಗಿದೆ.

ಆ ವಿಡಿಯೋ ತೆಗೆದು ಹಾಕಿ ಮತ್ತೆ ಮಾಡಿದೆ. ಎರಡನೇ ಸಲ ಕ್ಯಾಮೆರಾ ಮುಟ್ಟುವ ಮೊದಲೇ ಪ್ರತಿ ವಾಕ್ಯಕ್ಕೂ ಯಾವ ಚಿತ್ರ ಅಂತ ಬರೆದುಕೊಂಡು ಹೋದೆ. ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವುದೇ. ಹೋಗಿ ಚೆಂದ ಕಂಡಿದ್ದನ್ನೆಲ್ಲ ತೆಗೆದುಕೊಂಡು ಬಂದು, ಎಡಿಟಿಂಗ್‌ನಲ್ಲಿ ಖಾಲಿ ಕಂಡ ಕಡೆ ತುಂಬಿಸಿದ್ದು.

ಮೊದಲ ಕೆಲಸ, ಸ್ಕ್ರಿಪ್ಟನ್ನು ಫೋನಿಗೆ ಓದಿ ರೆಕಾರ್ಡ್ ಮಾಡಿದೆ. ಇದು ಕೊನೆಗೆ ಬಳಸುವ ಧ್ವನಿ ಅಲ್ಲ, ಅಳತೆಗೆ ಮಾತ್ರ. ಒಟ್ಟು 5 ನಿಮಿಷ 20 ಸೆಕೆಂಡು ಬಂತು, ವಾಕ್ಯಗಳು 54. ಅಂದರೆ ಒಂದು ವಾಕ್ಯಕ್ಕೆ ಸರಾಸರಿ 6 ಸೆಕೆಂಡು. ಒಂದು ಶಾಟ್ ಪರದೆಯ ಮೇಲೆ ಮೂರು ಸೆಕೆಂಡು ನಿಂತರೆ ನನಗೆ ಸಾಕು ಅನ್ನಿಸುತ್ತದೆ. ಹಾಗಾಗಿ ಒಂದು ವಾಕ್ಯಕ್ಕೆ ಒಂದು ಶಾಟ್ ಸಾಲದು, ಎರಡಾದರೂ ಬೇಕು. ಕಣ್ಣಂದಾಜಿನಲ್ಲಿ ಬರೆದರೆ ಈ ಲೆಕ್ಕ ಸಿಗುವುದಿಲ್ಲ.

ಆಮೇಲೆ ಗೂಗಲ್ ಶೀಟ್‌ನಲ್ಲಿ ಒಂದು ಸಾಲಿಗೆ ಒಂದು ವಾಕ್ಯ ಹಾಕಿದೆ. ಪಕ್ಕದಲ್ಲಿ ನಂಬರು, ಎಷ್ಟು ಸೆಕೆಂಡು, ಯಾವ ಶಾಟ್, ಎಲ್ಲಿ ಸಿಗುತ್ತದೆ, ಸಿಕ್ಕಿತಾ ಇಲ್ಲವಾ. ಇಷ್ಟೇ. ಶಾಟ್ ಕಾಲಂನಲ್ಲಿ "ಬೆಲ್ಲ", "ಕೊಪ್ಪರಿಗೆ" ಅಂತ ವಸ್ತುವಿನ ಹೆಸರು ಬರೆಯುವುದನ್ನು ನಿಲ್ಲಿಸಿದೆ. "ಕೊಪ್ಪರಿಗೆ" ಅಂತ ಬರೆದುಕೊಂಡು ಹೋದರೆ ಹತ್ತು ಕೋನದಲ್ಲಿ ಕೊಪ್ಪರಿಗೆ ತೆಗೆದುಕೊಂಡು ಬರುತ್ತೀರಿ, ಒಂದರಲ್ಲೂ ಏನೂ ನಡೆಯುತ್ತಿರುವುದಿಲ್ಲ. "ಜರಡಿ ಸೌಟಿನಿಂದ ನೊರೆ ಎತ್ತಿ ಪಕ್ಕಕ್ಕೆ ಸುರಿಯುವುದು" ಅಂತ ಬರೆದರೆ ಅದು ಶಾಟ್.

ಇಲ್ಲೇ ನನಗೆ ನಮ್ಮ ಭಾಷೆಯ ಒಂದು ವಿಷಯ ಹೊಳೆದದ್ದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಅಲ್ವಾ? ಹಾಗಾಗಿ ವಾಕ್ಯದ ಮುಖ್ಯ ಚಿತ್ರವೂ ಕೊನೆಗೇ ಬರಬೇಕು. ಉದಾಹರಣೆಗೆ ನನ್ನ 22ನೇ ವಾಕ್ಯ: "ಕುದಿಯುವ ಹಾಲಿಗೆ ಬೆಂಡೆ ಗಿಡದ ಲೋಳೆ ಬಿದ್ದ ಕೂಡಲೇ ಒಳಗಿದ್ದ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ." ಓದಿದರೆ 7 ಸೆಕೆಂಡು. ಮೊದಲ ವಿಡಿಯೋದಲ್ಲಿ ವಾಕ್ಯ ಶುರುವಾದ ತಕ್ಷಣ ನೊರೆ ತೋರಿಸಿಬಿಟ್ಟಿದ್ದೆ, ಯಾಕೆಂದರೆ ಅದೇ ಚೆಂದದ ಶಾಟ್. ಲೋಳೆ ಬೀಳುವ ಮೊದಲೇ ನೊರೆ ಬಂದು ಮುಗಿದಿತ್ತು. ಈ ಸಲ ವಾಕ್ಯವನ್ನು ಮೂರು ತುಂಡು ಮಾಡಿದೆ. "ಕುದಿಯುವ ಹಾಲಿಗೆ" ಅನ್ನುವಾಗ ಗುಳ್ಳೆ ಏಳುತ್ತಿರುವ ಹಾಲು. "ಬೆಂಡೆ ಗಿಡದ ಲೋಳೆ ಬಿದ್ದ ಕೂಡಲೇ" ಅನ್ನುವಾಗ ಬಕೆಟ್ಟಿನಿಂದ ಎಳೆ ಎಳೆಯಾಗಿ ಬೀಳುವ ಲೋಳೆ. ಕೊನೆಯ ಮೂರು ಸೆಕೆಂಡು, ಕಪ್ಪು ನೊರೆ ಅಂಚಿನಿಂದ ಎದ್ದು ಬರುವುದು. ಒಂದು ವಾಕ್ಯ, 22A, 22B, 22C ಅಂತ ಮೂರು ಶಾಟ್. ಅವು ಬರುವ ಕ್ರಮವನ್ನು ವಾಕ್ಯವೇ ಹೇಳಿಕೊಟ್ಟಿತು.

ಇದೇ ಕಾರಣಕ್ಕೆ "ಇಲ್ಲ" ಅಂತ ಮುಗಿಯುವ ವಾಕ್ಯಗಳು ಕಷ್ಟ. ಇಲ್ಲದ್ದನ್ನು ತೋರಿಸೋಕೆ ಆಗಲ್ಲ. ತೋರಿಸಿದರೆ ಅದು ಇದ್ದ ಹಾಗೆ ಆಗುತ್ತದೆ, ನನಗೆ ಆದ ಹಾಗೆ. ಶೀಟ್‌ನಲ್ಲಿ ಅಂಥವು ಆರು ಸಿಕ್ಕವು. ಐದನ್ನು ತಿರುಗಿಸಿ ಬರೆದೆ. ಎಡವಟ್ಟಾದ ಆ ವಾಕ್ಯ ಈಗ ಹೀಗಿದೆ: "ಇಲ್ಲಿ ಹಾಲಿಗೆ ಹಾಕುವುದು ಎರಡೇ. ಒಂದು ಚೂರು ಸುಣ್ಣ. ಬೆಂಡೆ ಕಾಂಡ ಜಜ್ಜಿ ನೀರಲ್ಲಿ ನೆನೆಸಿ ತೆಗೆದ ಲೋಳೆ." ಅದೇ ಬಿಳಿ ಪುಡಿಯ ಶಾಟ್ ಈಗ "ಸುಣ್ಣ" ಅನ್ನುವ ಪದದ ಮೇಲೆ ಕೂತಿದೆ. ಯಜಮಾನರ ಕೈಯೂ ಅದೇ, ಪುಡಿಯೂ ಅದೇ.

ಒಂದನ್ನು ಮಾತ್ರ ಹಾಗೇ ಬಿಟ್ಟೆ. "ಪಾಕ ಬಂತಾ ಅಂತ ನೋಡೋಕೆ ಇವರ ಹತ್ತಿರ ಥರ್ಮಾಮೀಟರ್ ಇಲ್ಲ, ಒಂದು ಲೋಟ ನೀರಿದೆ." ಅಚ್ಚಿಗೆ ಹುಯ್ಯುವ ಬೆಲ್ಲದ ಪಾಕ 118 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಿರಬೇಕು. ಪಾಕದವರು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ, ಅಷ್ಟೇ. ಈ ವಾಕ್ಯದ ಮೊದಲ ಅರ್ಧಕ್ಕೆ ಅವರು ಆವಿಯೊಳಗೆ ಕಣ್ಣು ಕಿರಿದು ಮಾಡಿ ಪಾಕ ನೋಡುತ್ತಿರುವ ಮುಖ ಇಟ್ಟೆ. "ಲೋಟ ನೀರಿದೆ" ಅಂದಾಗ ಲೋಟ. ಥರ್ಮಾಮೀಟರ್ ಎಲ್ಲೂ ಕಾಣಿಸಲಿಲ್ಲ, ಆದರೂ ಮಾತು ಕೊರತೆಯಾಗಲಿಲ್ಲ.

ಎಲ್ಲ ವಾಕ್ಯಕ್ಕೂ ಬೇರೆ ದೃಶ್ಯ ಬೇಕು ಅಂತಲೂ ಇಲ್ಲ. ನಾನು ಕ್ಯಾಮೆರಾ ನೋಡಿ ಮಾತಾಡುವುದೂ ಒಂದು ಚಿತ್ರವೇ. ಅಂಥ ಕಡೆ ಶೀಟ್‌ನಲ್ಲಿ "ಮುಖ" ಅಂತ ಬರೆಯುತ್ತೇನೆ, ಖಾಲಿ ಬಿಡುವುದಿಲ್ಲ. ಹೈಡ್ರೋಸ್ ಬಗ್ಗೆ ಎರಡು ವಾಕ್ಯ ಇದ್ದವು. ಬೆಲ್ಲ ತಿಳಿ ಹಳದಿ ಆಗಲಿ ಅಂತ ಕೆಲವು ಕಡೆ ಹಾಕುವ ರಾಸಾಯನಿಕ ಅದು. ಅಂಗಡಿಯಿಂದ ಒಂದು ಹಳದಿ ಅಚ್ಚು, ಒಂದು ಕಂದು ಅಚ್ಚು ತಂದು ಪಕ್ಕ ಪಕ್ಕ ಇಟ್ಟು ತೆಗೆಯೋಣ ಅಂತ ಮೊದಲು ಬರೆದುಕೊಂಡಿದ್ದೆ. ಆಮೇಲೆ ಯೋಚನೆ ಮಾಡಿದೆ. ಕಬ್ಬಿನ ತಳಿ, ಮಣ್ಣು, ಕೊಳೆ ಎಷ್ಟು ಚೆನ್ನಾಗಿ ತೆಗೆದಿದ್ದಾರೆ, ಇವುಗಳಿಂದಲೂ ಬಣ್ಣ ಬದಲಾಗುತ್ತದೆ. ಬರೀ ಕಣ್ಣಲ್ಲಿ ನೋಡಿ ಇದಕ್ಕೆ ಹೈಡ್ರೋಸ್ ಹಾಕಿದ್ದಾರೆ ಅಂತ ಹೇಳೋಕೆ ಆಗಲ್ಲ. ಆ ಹಳದಿ ಅಚ್ಚು ಯಾರೋ ನಿಯತ್ತಿನಿಂದ ಮಾಡಿದ್ದೂ ಇರಬಹುದು. ಆ ಎರಡು ವಾಕ್ಯಕ್ಕೆ "ಮುಖ" ಅಂತ ಬರೆದೆ.

ಕೊನೆಗೆ ಲೆಕ್ಕ ಹೀಗೆ ಬಂತು: 13 ವಾಕ್ಯಕ್ಕೆ ಮುಖ, 3ಕ್ಕೆ ಪರದೆಯ ಮೇಲೆ ಅಂಕಿ, 38ಕ್ಕೆ ಶಾಟ್. ಅಂಕಿ ಅಂದರೆ "ನೂರು ಕಿಲೋ ಕಬ್ಬು ಅರೆದರೆ ಹೆಚ್ಚು ಕಡಿಮೆ ಹತ್ತು ಕಿಲೋ ಬೆಲ್ಲ" ಅನ್ನುವಂಥವು. 38 ವಾಕ್ಯಕ್ಕೆ ಸುಮಾರು 80 ಶಾಟ್. ಇನ್ನೂ ನಾಲ್ಕು ವಾಕ್ಯ ಇದ್ದವು. ಅವಕ್ಕೆ ಏನು ಮಾಡಿದರೂ ಚಿತ್ರ ಹೊಳೆಯಲಿಲ್ಲ, ಮುಖ ಇಟ್ಟರೂ ಸುಮ್ನೆ ಕೂತ ಹಾಗಿತ್ತು. "ಬೆಲ್ಲ ನಮ್ಮ ಸಂಸ್ಕೃತಿಯ ಭಾಗ" ಅನ್ನುವ ಥರದವು. ಅವನ್ನು ಹೊಡೆದು ಹಾಕಿದೆ. 54 ಅಂದಿದ್ದು ಅವು ಹೋದ ಮೇಲಿನ ಲೆಕ್ಕ.

ಇನ್ನು ಶೂಟಿಂಗ್ ದಿನ. ಶೀಟ್ ಇರುವುದು ಸ್ಕ್ರಿಪ್ಟಿನ ಕ್ರಮದಲ್ಲಿ, ಆಲೆಮನೆ ನಡೆಯುವುದು ಅದರದೇ ಕ್ರಮದಲ್ಲಿ. ಹಾಗಾಗಿ ಶೀಟಿನ ಇನ್ನೊಂದು ಕಾಪಿ ಮಾಡಿ, ಜಾಗದ ಪ್ರಕಾರ ಸಾಲು ಬದಲಾಯಿಸಿದೆ. ಗಾಣ, ಒಲೆ, ಕೊಪ್ಪರಿಗೆ, ಅಚ್ಚು, ಹೊರಗೆ. ಜೊತೆಗೆ ಒಂದು ಹೊಸ ಕಾಲಂ ಸೇರಿಸಿದೆ: ಎಷ್ಟು ಸಲ ಸಿಗುತ್ತದೆ. ಇದು ಮೊದಲ ಸಲದ ಪೆಟ್ಟಿನಿಂದ ಕಲಿತದ್ದು. ಗಾಣಕ್ಕೆ ಕಬ್ಬು ಕೊಡುವುದು, ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುವುದು ಇವೆಲ್ಲ ದಿನವಿಡೀ ನಡೆಯುತ್ತವೆ. ಆದರೆ ಪಾಕ ಇಳಿಸುವುದು ಒಂದು ಕೊಪ್ಪರಿಗೆಗೆ ಒಂದೇ ಸಲ. ಮೊದಲ ಸಲ ನಾನು ಆರಾಮಾಗಿ ಹೊರಗೆ ಗಾಣ ತೆಗೆಯುತ್ತಿದ್ದೆ, ಒಳಗೆ ಬಂದಾಗ ಪಾಕ ತೊಟ್ಟಿಗೆ ಬಿದ್ದಾಗಿತ್ತು. ಮುಂದಿನ ಕೊಪ್ಪರಿಗೆ ಇಳಿಯಲು ಮೂರು ಗಂಟೆ ಕಾದೆ. ಅಷ್ಟರಲ್ಲಿ ಬಿಸಿಲು ಹೋಗಿ ಟ್ಯೂಬ್‌ಲೈಟ್ ಹಾಕಿದ್ದರು. ಬೆಳಿಗ್ಗೆ ಕುದಿಯುತ್ತಿದ್ದ ಹೊಂಬಣ್ಣದ ಹಾಲು ಮುಂದಿನ ಶಾಟ್‌ನಲ್ಲಿ ಹಸಿರು ಛಾಯೆಯ ಪಾಕ ಆಗಿತ್ತು.

ಈ ಸಲ "ಒಂದೇ ಸಲ" ಅಂತ ಬರೆದಿದ್ದವು ಐದು ಶಾಟ್. ಒಳಗೆ ಹೋದ ಕೂಡಲೇ ಯಜಮಾನರ ಹತ್ತಿರ "ಗೌಡ್ರೇ, ಈ ಐದು ಆಗೋ ಮುಂಚೆ ನನ್ನ ಒಂದು ಕೂಗು ಕೂಗಿ" ಅಂದೆ. ಆ ಐದಕ್ಕೆ ಟ್ರೈಪಾಡ್ ಮೇಲೆ ಒಂದು ಕ್ಯಾಮೆರಾ ಅಗಲಕ್ಕೆ ಇಟ್ಟು, ಕೈಯಲ್ಲಿ ಫೋನ್ ಹಿಡಿದು ಹತ್ತಿರದಿಂದ ತೆಗೆದೆ. ಎರಡರಲ್ಲಿ ಒಂದು ಕೈಕೊಟ್ಟರೂ ವಾಕ್ಯ ಖಾಲಿ ಉಳಿಯುವುದಿಲ್ಲ.

ಆವಿ ಬೇರೆಯೇ ತಲೆನೋವು. ಬೆಳಕು ನಿಮ್ಮ ಬೆನ್ನ ಹಿಂದೆ ಇದ್ದರೆ ಆವಿ ಕಾಣುವುದೇ ಇಲ್ಲ. ಬಾಗಿಲಿಗೆ ಎದುರಾಗಿ ನಿಂತು, ಆವಿಯ ಹಿಂದಿನಿಂದ ಬೆಳಕು ಬರುವ ಹಾಗೆ ತೆಗೆಯಬೇಕು. ತಣ್ಣಗಿರುವ ಲೆನ್ಸ್ ಒಳಗೆ ಹೋದ ತಕ್ಷಣ ಮಂಜು ಹಿಡಿಯುತ್ತದೆ, ಒರೆಸಿ ಪ್ರಯೋಜನ ಇಲ್ಲ. ಹತ್ತು ಹದಿನೈದು ನಿಮಿಷ ಕ್ಯಾಮೆರಾವನ್ನು ಒಳಗೇ ಇಟ್ಟು ಬಿಸಿಯಾಗಲು ಬಿಟ್ಟೆ. ಟ್ಯೂಬ್‌ಲೈಟ್ ಮಿಣುಕದಿರಲು ಷಟರ್ 1/50ಕ್ಕೆ ಕಟ್ಟಿದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಆ ವೇಗಕ್ಕೆ ಪಟ್ಟಿ ಬರುವುದಿಲ್ಲ.

ಪ್ರತಿ ಶಾಟ್ ಕನಿಷ್ಠ ಹತ್ತು ಸೆಕೆಂಡು, ಕೈ ಅಲ್ಲಾಡಿಸದೆ. ಮೂರು ಸೆಕೆಂಡಿಗೆ ಹತ್ತು ಯಾಕೆ ಅಂದರೆ, ಬೇಕಾದ ಕ್ರಿಯೆ ಎಲ್ಲಿ ಆಗುತ್ತದೋ ಆ ಜಾಗಕ್ಕೆ ಪದವನ್ನು ಹೊಂದಿಸಲು ಹಿಂದೆ ಮುಂದೆ ಎಳೆದಾಡಬೇಕು. ರಾತ್ರಿ ಮನೆಗೆ ಬಂದು ಮೊದಲು ಮಾಡಿದ್ದು ಕ್ಲಿಪ್‌ಗಳ ಹೆಸರು ಬದಲಾಯಿಸುವುದು. `22A.mp4`, `22B.mp4`, ಹೀಗೆ. ಟೈಮ್‌ಲೈನ್‌ನಲ್ಲಿ ಧ್ವನಿ ಹಾಸಿ, ವಾಕ್ಯದ ನಂಬರಿನ ಮಾರ್ಕರ್ ಹಾಕಿದ ಮೇಲೆ ಜೋಡಿಸುವುದು ಬೇಗ ಆಯಿತು. ಚಿತ್ರವನ್ನು ಪದಕ್ಕಿಂತ ಆರೇಳು ಫ್ರೇಮ್ ಮೊದಲೇ ತರುತ್ತೇನೆ. ಸರಿಯಾಗಿ ಪದದ ಮೇಲೆಯೇ ಕಟ್ ಮಾಡಿದರೆ ಯಾಕೋ ತಡವಾದ ಹಾಗೆ ಅನ್ನಿಸುತ್ತದೆ.

ಎಲ್ಲಕ್ಕಿಂತ ಸತಾಯಿಸಿದ್ದು ಮೊದಲನೇ ವಾಕ್ಯ: "ಆಲೆಮನೆ ಕಣ್ಣಿಗೆ ಬೀಳುವ ಮೊದಲೇ ಅದರ ವಾಸನೆ ರಸ್ತೆಗೆ ಬಂದಿರುತ್ತದೆ." ವಾಸನೆಗೆ ಏನು ಚಿತ್ರ? ಯಾರಾದರೂ ಮೂಗರಳಿಸಿ ನಿಲ್ಲುವ ಹಾಗೆ ನಟನೆ ಮಾಡಿಸಲು ಮನಸ್ಸಾಗಲಿಲ್ಲ. ಶೀಟ್‌ನಲ್ಲಿ "ಕಬ್ಬಿನ ಗದ್ದೆಯ ಮೇಲಿಂದ ಚಿಮಣಿ ಹೊಗೆ ರಸ್ತೆ ಕಡೆಗೆ" ಅಂತ ಬರೆದುಕೊಂಡೆ, ಆಲೆಮನೆ ಕಾಣಿಸಬಾರದು ಅಂತಲೂ ಸೇರಿಸಿದೆ. ಬೆಳಿಗ್ಗೆಯಿಂದ ಗಾಳಿ ಉಲ್ಟಾ ಬೀಸುತ್ತಿತ್ತು, ಹೊಗೆ ಆ ಕಡೆ ನಾಲೆಯತ್ತ ಹೋಗುತ್ತಿತ್ತು. ಮಿಕ್ಕಿದ್ದೆಲ್ಲ ಮುಗಿಸಿ ರಸ್ತೆ ಬದಿ ಟ್ರೈಪಾಡ್ ಇಟ್ಟು ಕೂತೆ. ಗೌಡ್ರು ಒಂದು ಲೋಟ ಕಬ್ಬಿನ ಹಾಲು ಕಳಿಸಿದರು. ಐದು ಗಂಟೆ ಆದ ಮೇಲೆ ಗಾಳಿ ತಿರುಗಿತು.